ಮಳೆಯಿಂದ ಆಟ ನಿಂತ ದಿನದ ರೀಫಂಡ್ ಮತ್ತು ನಿಮ್ಮ ಪ್ರಕಟಣೆಯ ಬಗ್ಗೆ ದೂರು

ಇವರಿಗೆ,
ಟಿಕೆಟ್ ವಿಭಾಗದ ಮುಖ್ಯಸ್ಥರು,
ಟೆನಿಸ್ ಟೂರ್ನಿ ಸಂಘಟನಾ ಸಮಿತಿ

ವಿಷಯ: ಮಂಗಳವಾರದ ಒಂದನೇ ಕೋರ್ಟಿನ ನಾಲ್ಕು ಟಿಕೆಟ್‌ಗಳ ಪೂರ್ತಿ ಹಣ ವಾಪಸ್ ಕೊಡುವ ಬಗ್ಗೆ

ಮಾನ್ಯರೇ,

ಮಳೆ ಬಂದದ್ದಕ್ಕೆ ಯಾರನ್ನೂ ದೂರುತ್ತಿಲ್ಲ. ಕೋರ್ಟಿಗೆ ಕವರ್ ಎಳೆದವರು ಚುರುಕಾಗಿಯೇ ಕೆಲಸ ಮಾಡಿದರು. ನನ್ನ ದೂರು ಇರುವುದು ಅಂದು ರಾತ್ರಿ ನೀವು ಟಿಕೆಟ್ ಕೊಂಡವರಿಗೆ ಕಳಿಸಿದ ಪ್ರಕಟಣೆಯ ಬಗ್ಗೆ, ಆಮೇಲೆ ರೀಫಂಡ್‌ಗೆ ನೀವು ಹಾಕಿದ ನಿಮಿಷಗಳ ಲೆಕ್ಕದ ಬಗ್ಗೆ.

ಪ್ರಕಟಣೆಯಲ್ಲಿ ಹೀಗಿತ್ತು: "ಮಳೆಯ ಕಾರಣ ಇಂದಿನ ಪಂದ್ಯಗಳನ್ನು ಮುಂದೂಡಲಾಗಿದೆ. ಟಿಕೆಟ್‌ಗಳನ್ನು ಇಟ್ಟುಕೊಂಡಿರಿ, ಪಂದ್ಯ ನಡೆಯುವ ದಿನ ಅವು ಮಾನ್ಯವಾಗಿರುತ್ತವೆ. ಅರ್ಹರಿಗೆ ನಿಯಮದಂತೆ ರೀಫಂಡ್ ಸಿಗುತ್ತದೆ." ಇದನ್ನು ನಂಬಿ ಬುಧವಾರ ಬೆಳಿಗ್ಗೆ ಬಂದೆವು. ಗೇಟಿನಲ್ಲಿ ಸ್ಕ್ಯಾನರ್ ಕೆಂಪು ದೀಪ ತೋರಿಸಿತು. ಅಲ್ಲಿದ್ದ ಹುಡುಗ ಪಾಪ ಸುಮ್ನೆ ತಲೆ ಅಲ್ಲಾಡಿಸಿದ. ನಮ್ಮ ಸೀಟುಗಳು ಬುಧವಾರಕ್ಕೆ ಬೇರೆಯವರಿಗೆ ಮಾರಾಟವಾಗಿ ಎಷ್ಟೋ ಕಾಲವಾಗಿತ್ತು.

ಈ ತಪ್ಪು ಎಲ್ಲಿಂದ ಬಂತು ಎಂದು ಊಹಿಸುವುದು ಕಷ್ಟವಲ್ಲ. ಆ ಸಾಲುಗಳು ಫೈನಲ್‌ಗೆಂದು ಬರೆದಿಟ್ಟ ಸಾಲುಗಳಂತಿವೆ. ಫೈನಲ್ ಎಂದರೆ ಒಂದೇ ಪಂದ್ಯ. ಅದು ಮರುದಿನಕ್ಕೆ ಹೋದರೆ ಅಂದಿನ ಸೀಟುಗಳು ಬೇರೆ ಯಾರಿಗೂ ಮಾರಾಟವಾಗಿರುವುದಿಲ್ಲ. ಹಾಗಾಗಿ ಹಳೆಯ ಟಿಕೆಟ್ಟೇ ನಡೆಯುತ್ತದೆ. 2023ರ ಐಪಿಎಲ್ ಫೈನಲ್ ಮಳೆಯಿಂದಾಗಿ ಮೇ 28ರಿಂದ 29ಕ್ಕೆ ಹೋದಾಗ ಆಗಿದ್ದು ಇದೇ. ಆದರೆ ನಾಕೌಟ್ ಟೂರ್ನಿಯ ನಡುವಿನ ದಿನ ಹಾಗಲ್ಲ. ಮೂರನೇ ಸುತ್ತಿನ ಪಂದ್ಯಗಳು ಮರುದಿನದ ಪಟ್ಟಿಗೆ ಸೇರಿಕೊಳ್ಳುತ್ತವೆ, ಆಟಗಾರರಿಗೆ ಏನೂ ನಷ್ಟವಿಲ್ಲ. ನಾವು ಕೊಂಡದ್ದು ಪಂದ್ಯವನ್ನಲ್ಲ, ಮಂಗಳವಾರದ ಒಂದು ಸೀಟನ್ನು. ಆ ಸೀಟಿನ ದಿನ ಮುಗಿದುಹೋಯಿತು. ಹಾಗಿರುವಾಗ ನಮಗೆ ತಿಳಿಸಬೇಕಾಗಿದ್ದದ್ದು ರೀಫಂಡ್ ಎಷ್ಟು, ಯಾವಾಗ ಎಂಬುದನ್ನು ಮಾತ್ರ. ಟಿಕೆಟ್ ಇಟ್ಟುಕೊಂಡಿರಿ ಎಂದು ಬರೆದದ್ದು ನೂರಾರು ಜನರನ್ನು ಗೇಟಿನವರೆಗೆ ಕರೆಸಿ ವಾಪಸ್ ಕಳಿಸಿತು.

ಇನ್ನೂ ಒಂದು ಮಾತು. ಅದೇ ಪ್ರಕಟಣೆ ಮುಖ್ಯ ಕೋರ್ಟಿನ ಟಿಕೆಟ್ ಇದ್ದವರಿಗೂ ಹೋಗಿದೆ. ಅಲ್ಲಿ ಛಾವಣಿ ಮುಚ್ಚಿ ರಾತ್ರಿಯವರೆಗೆ ಆಟ ನಡೆಯಿತಲ್ವಾ? ಯಾವ ಕೋರ್ಟು ಎಂದು ಬರೆಯದೆ "ಇಂದಿನ ಪಂದ್ಯಗಳು" ಎಂದರೆ ಯಾರಿಗೆ ಏನು ಅರ್ಥವಾಗಬೇಕು?

ಈಗ ಹಣದ ವಿಚಾರ. ಟಿಕೆಟ್‌ನ ಹಿಂದಿನ ನಿಯಮ ಸ್ಪಷ್ಟವಾಗಿದೆ. ಆ ಕೋರ್ಟಿನಲ್ಲಿ ಆಟ 60 ನಿಮಿಷ ಅಥವಾ ಅದಕ್ಕಿಂತ ಕಡಿಮೆ ನಡೆದರೆ ಪೂರ್ತಿ ಹಣ ವಾಪಸ್. 60ಕ್ಕಿಂತ ಜಾಸ್ತಿ, 120ಕ್ಕಿಂತ ಕಡಿಮೆಯಾದರೆ ಅರ್ಧ. ಎರಡು ಗಂಟೆ ನಡೆದರೆ ಏನೂ ಇಲ್ಲ. ಗಂಟೆಯ ಲೆಕ್ಕದ ಇಂಥ ನಿಯಮ ವಿಂಬಲ್ಡನ್‌ನಲ್ಲೂ ಇದೆ. ನನಗೆ ಇದು ನ್ಯಾಯವಾಗಿಯೇ ಕಾಣುತ್ತದೆ. ನೀವು ಗುರುವಾರ ಕಳಿಸಿದ ಉತ್ತರದಲ್ಲಿ "64 ನಿಮಿಷ ಆಟ ನಡೆದಿದೆ, ಅರ್ಧ ಹಣ ಮಾತ್ರ" ಎಂದು ಬರೆದಿದ್ದೀರಿ. ಆ 64 ಹೇಗೆ ಬಂತು ಎಂಬುದೂ ಅಲ್ಲೇ ಇದೆ. 11:00ರಿಂದ 11:36ರವರೆಗೆ 36 ನಿಮಿಷ. ಕವರ್ ತೆಗೆದ ಮೇಲೆ 1:20ರಿಂದ 1:48ರವರೆಗೆ 28 ನಿಮಿಷ.

ಈ ಲೆಕ್ಕ ಶುರುವಾಗುವುದು ಆಟಗಾರರು ಕೋರ್ಟಿಗೆ ಕಾಲಿಟ್ಟ ಹೊತ್ತಿನಿಂದ. ಆದರೆ ಅದು ಆಟದ ಶುರುವಲ್ಲ. ಟಾಸ್ ಆಗಬೇಕು, ಐದು ನಿಮಿಷದ ವಾರ್ಮ್‌ಅಪ್ ಆಗಬೇಕು, ಅಂಪೈರ್ "ಟೈಮ್" ಎಂದು ಕರೆದು ಆಟಗಾರರು ಸಿದ್ಧರಾದ ಮೇಲೆ ಮೊದಲ ಸರ್ವ್. ಆ ದಿನ ಮೊದಲ ಸರ್ವ್ ಬಿದ್ದದ್ದು 11:06ಕ್ಕೆ. ಅಂದರೆ ಮೊದಲ ಭಾಗದ ಆಟ 30 ನಿಮಿಷ. ಎರಡನೇ ಭಾಗದಲ್ಲೂ ಅದೇ ಕತೆ. ಮಳೆಯಿಂದ ಅರ್ಧ ಗಂಟೆಗಿಂತ ಜಾಸ್ತಿ ಆಟ ನಿಂತರೆ ಆಟಗಾರರಿಗೆ ಮತ್ತೆ ಐದು ನಿಮಿಷದ ವಾರ್ಮ್‌ಅಪ್ ಕೊಡಬೇಕು ಎಂದು ಟೆನಿಸ್ ನಿಯಮಗಳಲ್ಲೇ ಇದೆ. ಹದಿನೈದು ನಿಮಿಷದೊಳಗೆ ಶುರುವಾದರೆ ಮಾತ್ರ ವಾರ್ಮ್‌ಅಪ್ಪೇ ಇಲ್ಲ. ಅಂದು ಆಟ ನಿಂತದ್ದು ಒಂದೂಮುಕ್ಕಾಲು ಗಂಟೆ. ಹಾಗಾಗಿ ಮತ್ತೆ ವಾರ್ಮ್‌ಅಪ್ ಆಯಿತು, ಪಾಯಿಂಟ್ ಶುರುವಾದದ್ದು 1:26ಕ್ಕೆ. ಅಲ್ಲಿಂದ 1:48ಕ್ಕೆ 22 ನಿಮಿಷ. ಒಟ್ಟು 52.

ಚೆಂಡನ್ನು ಆ ಕಡೆ ಈ ಕಡೆ ಮೆಲ್ಲಗೆ ತಟ್ಟುವುದನ್ನು ನೋಡಲು ಯಾರೂ ಟಿಕೆಟ್ ಕೊಳ್ಳುವುದಿಲ್ಲ. ನೀವೂ ಅದನ್ನು ಆಟ ಎಂದು ಸ್ಕೋರ್‌ಬೋರ್ಡಿನಲ್ಲಿ ಹಾಕುವುದಿಲ್ಲ. ನನ್ನ ಸಮಯಗಳು ಲೈವ್ ಸ್ಕೋರ್‌ನಿಂದ ಬರೆದುಕೊಂಡವು. ನಂಬಬೇಕೆಂದಿಲ್ಲ. ಆಟ ಯಾವಾಗ ಶುರುವಾಯಿತು, ಯಾವ ಸ್ಕೋರ್‌ಗೆ ಎಷ್ಟು ಹೊತ್ತಿಗೆ ನಿಂತಿತು ಎಂಬುದನ್ನು ಅಂಪೈರ್ ತಮ್ಮ ಸ್ಕೋರ್‌ಕಾರ್ಡಿನಲ್ಲಿ ದಾಖಲಿಸುತ್ತಾರೆ. ನಿಲ್ಲಿಸಿದ ಆಟವನ್ನು ಮತ್ತೆ ಅಲ್ಲಿಂದಲೇ ಮುಂದುವರಿಸಬೇಕಲ್ಲ, ಅದಕ್ಕೇ ಅದು ಬೇಕು. ಆ ದಾಖಲೆ ನಿಮ್ಮ ರೆಫರಿ ಕಚೇರಿಯಲ್ಲಿ ಇರಬೇಕು.

ಬುಕಿಂಗ್ ಶುಲ್ಕದ ಬಗ್ಗೆ ನನ್ನ ಜಗಳವಿಲ್ಲ. ಅದು ವಾಪಸ್ ಬರುವುದಿಲ್ಲ ಎಂದು ಕೊಳ್ಳುವಾಗಲೇ ಬರೆದಿತ್ತು.

ಆದರೆ ನಿಮ್ಮ ರೀಫಂಡ್ ಫಾರಂ ಬಗ್ಗೆ ಹೇಳಲೇಬೇಕು. ನಾಲ್ಕು ಟಿಕೆಟ್‌ಗಳಲ್ಲಿ ಎರಡನ್ನು ನಿಮ್ಮದೇ ಆ್ಯಪ್‌ನಲ್ಲಿ ನನ್ನ ತಂಗಿಗೆ ಕಳಿಸಿದ್ದೆ. ಈಗ ನನ್ನ ಲಾಗಿನ್‌ನಿಂದ ಅರ್ಜಿ ಹಾಕಿದರೆ "ಈ ಟಿಕೆಟ್ ನಿಮ್ಮ ಖಾತೆಯಲ್ಲಿಲ್ಲ" ಎನ್ನುತ್ತದೆ. ಅವಳ ಲಾಗಿನ್‌ನಿಂದ ಹಾಕಿದರೆ "ಹಣ ಮೂಲ ಖರೀದಿದಾರರಿಗೆ ಮಾತ್ರ" ಎನ್ನುತ್ತದೆ. ಎರಡೂ ಬಾಗಿಲು ಮುಚ್ಚಿದಂತಾಯಿತು. ಹಣ ಕೊಟ್ಟ ಕಾರ್ಡಿಗೇ ಹಣ ಹೋಗಲಿ, ಅದು ಸರಿ. ಆದರೆ ಅದಕ್ಕೆ ಅರ್ಜಿಯಾದರೂ ಯಾಕೆ ಬೇಕು? ಯಾವ ಕಾರ್ಡು, ಎಷ್ಟು ಹಣ, ಎಲ್ಲ ನಿಮ್ಮ ಹತ್ತಿರವೇ ಇದೆ. ಹತ್ತು ದಿನದೊಳಗೆ ಅರ್ಜಿ ಹಾಕದಿದ್ದರೆ ಹಣ ಇಲ್ಲ ಎಂಬ ಗಡುವನ್ನು ನೋಡಿದರೆ, ಕೆಲವರು ಮರೆತುಬಿಡಲಿ ಎಂದೇ ಮಾಡಿದಂತೆ ಕಾಣುತ್ತದೆ.

ಮುಂದಿನ ಸಲ ಮಳೆ ಬಂದಾಗ ಇಷ್ಟು ಬರೆದರೆ ಸಾಕು:

"ಮಂಗಳವಾರ, ಒಂದನೇ ಕೋರ್ಟು. ಮಳೆಯಿಂದ ಆಟ 52 ನಿಮಿಷ ಮಾತ್ರ ನಡೆದಿದೆ. ವಾರ್ಮ್‌ಅಪ್ ಸೇರಿಸಿಲ್ಲ. ಉಳಿದ ಪಂದ್ಯಗಳು ನಾಳೆ ನಡೆಯುತ್ತವೆ, ಆದರೆ ಈ ಟಿಕೆಟ್ ನಾಳೆಗೆ ನಡೆಯುವುದಿಲ್ಲ. ಟಿಕೆಟ್‌ನ ಪೂರ್ತಿ ಬೆಲೆ ನೀವು ಹಣ ಕೊಟ್ಟ ಕಾರ್ಡಿಗೆ ತಾನಾಗಿಯೇ ಬರುತ್ತದೆ, ಅರ್ಜಿ ಬೇಕಿಲ್ಲ. ಮುಖ್ಯ ಕೋರ್ಟಿನ ಟಿಕೆಟ್‌ಗಳಿಗೆ ಈ ಪ್ರಕಟಣೆ ಅನ್ವಯಿಸುವುದಿಲ್ಲ."

ಇದನ್ನು ಕೊಂಡವರಿಗಷ್ಟೇ ಅಲ್ಲ, ಆ್ಯಪ್‌ನಲ್ಲಿ ಈಗ ಟಿಕೆಟ್ ಯಾರ ಹೆಸರಿನಲ್ಲಿದೆಯೋ ಅವರಿಗೂ ಕಳಿಸಿ. ನನ್ನ ತಂಗಿಗೆ ನಿಮ್ಮಿಂದ ಏನೂ ಬಂದಿರಲಿಲ್ಲ.

ನಾಲ್ಕೂ ಟಿಕೆಟ್‌ಗಳ ಪೂರ್ತಿ ಹಣವನ್ನು ನನ್ನ ಕಾರ್ಡಿಗೆ ಹಾಕಿ. ಈ ದೂರು ತೀರ್ಮಾನವಾಗುವವರೆಗೆ ಹತ್ತು ದಿನದ ಗಡುವು ಲೆಕ್ಕಕ್ಕಿಲ್ಲ ಎಂದು ಬರವಣಿಗೆಯಲ್ಲಿ ತಿಳಿಸಿ. ಅಂಪೈರ್ ಸ್ಕೋರ್‌ಕಾರ್ಡಿನ ಪ್ರಕಾರ ನಿಜವಾಗಿಯೂ ಆಟ 60 ನಿಮಿಷ ದಾಟಿದ್ದರೆ ಅದರ ಪ್ರತಿ ಕಳಿಸಿ, ಅರ್ಧ ಹಣಕ್ಕೇ ಒಪ್ಪುತ್ತೇನೆ.

ಇಂತಿ,
ಒಂದನೇ ಕೋರ್ಟಿನ ಟಿಕೆಟ್ ಖರೀದಿದಾರ

ಲಗತ್ತು: ನಾಲ್ಕು ಟಿಕೆಟ್‌ಗಳ ಪ್ರತಿ, ನಿಮ್ಮ ಪ್ರಕಟಣೆ, ಗುರುವಾರದ ಉತ್ತರ, ಲೈವ್ ಸ್ಕೋರ್‌ನ ಸ್ಕ್ರೀನ್‌ಶಾಟ್‌ಗಳು