ತಿರುವೋಣಂ ಸದ್ಯ ಊಟ: ಮುಂಗಡ ಆರ್ಡರ್ ಶುರು

ಎಲ್ಲರಿಗೂ ನಮಸ್ಕಾರ. ಓಣಂ ಹಬ್ಬದ ಮುಖ್ಯ ದಿನವಾದ ತಿರುವೋಣಂಗೆ ನಮ್ಮ ಅಡುಗೆಮನೆಯಿಂದ ಸದ್ಯ, ಅಂದರೆ ಕೇರಳದ ಹಬ್ಬದೂಟ, ಪಾರ್ಸೆಲ್ ಕೊಡುತ್ತಿದ್ದೇವೆ. ಒಬ್ಬರ ಊಟಕ್ಕೆ 450 ರೂಪಾಯಿ, ಬಾಳೆ ಎಲೆ ಸೇರಿ. ಹೆಸರು, ಫ್ಲಾಟ್ ನಂಬರ್, ಎಷ್ಟು ಊಟ ಅಂತ ಇಲ್ಲೇ ಬರೆಯಿರಿ. ಹಬ್ಬಕ್ಕೆ ಮೂರು ದಿನ ಮೊದಲು ಆರ್ಡರ್ ನಿಲ್ಲಿಸುತ್ತೇವೆ. ಆಮೇಲೆ ಕೇಳಿದರೆ ಎಲೆ, ತೆಂಗಿನಕಾಯಿ ಎರಡೂ ಸಿಗುವುದು ಕಷ್ಟ.

ಪುಳಿ ಇಂಜಿ, ಉಪ್ಪೇರಿ, ಶರ್ಕರ ವರಟ್ಟಿ ಮೊದಲೇ ಮಾಡಿಡುತ್ತೇವೆ, ಅವು ಕೆಡುವುದಿಲ್ಲ. ಅವಿಯಲ್, ಓಲನ್, ಕಾಳನ್, ತೋರನ್, ಪರಿಪ್ಪು, ಸಾಂಬಾರ್ ಅವತ್ತೇ ಬೆಳಿಗ್ಗೆ. ಅನ್ನ ಕೇರಳದ ಕೆಂಪು ಮಟ್ಟ ಅಕ್ಕಿಯದು. ಬಿಳಿ ಅನ್ನ ಬೇಕಾದವರು ಈಗಲೇ ಹೇಳಿಬಿಡಿ. ಈರುಳ್ಳಿ, ಬೆಳ್ಳುಳ್ಳಿ ಯಾವುದರಲ್ಲೂ ಇರುವುದಿಲ್ಲ.

ಪಾರ್ಸೆಲ್ 11ರಿಂದ 12:30ರ ಒಳಗೆ ತಗೊಳ್ಳಿ, 2 ಗಂಟೆಯೊಳಗೆ ಊಟ ಮುಗಿಸಿ. ಅವಿಯಲ್‌ನಲ್ಲಿ ಹಸಿ ತೆಂಗಿನಕಾಯಿ, ಓಲನ್‌ನಲ್ಲಿ ಕಾಯಿಹಾಲು ಇರುತ್ತದೆ. ಮುಚ್ಚಿದ ಡಬ್ಬಿಯಲ್ಲಿ ಬಿಸಿಬಿಸಿಯಾಗಿ ಸಂಜೆವರೆಗೆ ಇಟ್ಟರೆ ಮೊದಲು ಹಳಸುವುದು ಇವೇ. ಹುಳಿ ವಾಸನೆ ಬಂದರೆ ಸುಮ್ನೆ ಚೆಲ್ಲಿಬಿಡಿ.

ಅಡ ಪ್ರಥಮನ್ ತಣ್ಣಗಾದಂತೆ ಗಟ್ಟಿಯಾಗುತ್ತದೆ, ಗಾಬರಿ ಬೇಡ. ಸ್ವಲ್ಪ ಬಿಸಿನೀರು ಹಾಕಿ ಸಣ್ಣ ಉರಿಯಲ್ಲಿ ಕೈಯಾಡಿಸಿ. ಕುದಿಸಿದರೆ ಕಾಯಿಹಾಲು ಒಡೆದು ಎಣ್ಣೆ ಬೇರೆಯಾಗುತ್ತದೆ. ಪಪ್ಪಡ ಹಸಿಯಾಗಿಯೇ ಕೊಡುತ್ತೇವೆ, ಕರಿದು ಕಳಿಸಿದರೆ ಮೆತ್ತಗಾಗುತ್ತದೆ ಅಲ್ವಾ?

ಎಲೆಯ ತುದಿ ಊಟಕ್ಕೆ ಕೂತವರ ಎಡಕ್ಕಿರಲಿ. ಮೊದಲ ಅನ್ನಕ್ಕೆ ಪರಿಪ್ಪು, ತುಪ್ಪ, ಪಪ್ಪಡ. ಆಮೇಲೆ ಸಾಂಬಾರ್. ಪಾಯಸವನ್ನು ಎಲೆಯ ಮೇಲೇ ಹಾಕಿಕೊಳ್ಳುವವರು ಜಾಸ್ತಿ, ನಿಮಗೆ ಬಟ್ಟಲು ಇಷ್ಟವಾದರೆ ಅದೂ ಸರಿ. ಡಬ್ಬಿ ನಾವು ಕೊಡುತ್ತೇವೆ, ಚೀಲ ಮಾತ್ರ ಮನೆಯಿಂದ ತನ್ನಿ.