ಅಸಲಿಯೋ ನಕಲಿಯೋ ಎಂಬುದಕ್ಕೆ ಉತ್ತರ ಆ ಮೇಲ್‌ನಲ್ಲಿಲ್ಲ

ಮಾನ್ಯ ಸಂಪಾದಕರೇ,

‘ನಿಮ್ಮ ಖಾತೆಗೆ ಹೊಸ ಸಾಧನದಿಂದ ಲಾಗಿನ್ ಆಗಿದೆ’ ಎಂದು ಬರುವ ನಕಲಿ ಮೇಲ್‌ಗಳ ಬಗ್ಗೆ ತಮ್ಮ ಪತ್ರಿಕೆ ಕೊಟ್ಟ ಸಲಹೆಗಳನ್ನು ಓದಿದೆ. ಕಾಗುಣಿತ ತಪ್ಪಿದೆಯೇ ನೋಡಿ, ಕಳಿಸಿದವರ ವಿಳಾಸ ನೋಡಿ, ಹೆದರಿಸುವ ಧಾಟಿ ಇದೆಯೇ ನೋಡಿ ಎಂದಿದ್ದೀರಿ. ಒಂದು ಕಚೇರಿಯ ಕಂಪ್ಯೂಟರ್ ವಿಭಾಗದಲ್ಲಿ ಕೂತು, ‘ಸಾರ್, ಇದು ನಿಜವಾದದ್ದಾ?’ ಎಂಬ ಪ್ರಶ್ನೆಯನ್ನು ವಾರಕ್ಕೆರಡು ಬಾರಿಯಾದರೂ ಎದುರಿಸುವ ನನಗೆ ಈ ಪಟ್ಟಿಯ ಮೇಲೆ ತಕರಾರಿದೆ. ಮೇಲ್ ಅನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಅದು ಅಸಲಿಯೋ ನಕಲಿಯೋ ಎಂದು ಖಾತ್ರಿಯಾಗುವುದಿಲ್ಲ. ಖಾತ್ರಿ ಮಾಡಿಕೊಳ್ಳುವ ಜಾಗ ಬೇರೆ ಇದೆ.

2016ರ ಮಾರ್ಚ್ 19ರ ಪ್ರಕರಣವನ್ನೇ ನೋಡಿ. ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿ ಹಿಲರಿ ಕ್ಲಿಂಟನ್ ಪ್ರಚಾರದ ಮುಖ್ಯಸ್ಥರಾಗಿದ್ದ ಜಾನ್ ಪೊಡೆಸ್ಟಾ ಅವರ ಜಿಮೇಲ್‌ಗೆ ಒಂದು ಎಚ್ಚರಿಕೆ ಬಂತು. ಯಾರೋ ನಿಮ್ಮ ಪಾಸ್‌ವರ್ಡ್ ಬಳಸಿ ಉಕ್ರೇನ್‌ನಿಂದ ಲಾಗಿನ್ ಆಗಲು ಯತ್ನಿಸಿದ್ದಾರೆ, ನಾವು ತಡೆದಿದ್ದೇವೆ, ಕೂಡಲೇ ಪಾಸ್‌ವರ್ಡ್ ಬದಲಿಸಿ ಎಂದಿತ್ತು. ಜೊತೆಗೆ ಯತ್ನ ನಡೆದ ಇಂಟರ್‌ನೆಟ್ ಸಂಪರ್ಕದ ಗುರುತಿನ ಸಂಖ್ಯೆಯಾದ ಐಪಿ ವಿಳಾಸವಿತ್ತು, ಸಮಯವಿತ್ತು, ಕೆಳಗೊಂದು ಬಟನ್ ಇತ್ತು. ಗೂಗಲ್ ನಿಜವಾಗಿ ಕಳಿಸುವ ಎಚ್ಚರಿಕೆಯ ಅಚ್ಚೇ ಅದು. ಸಿಬ್ಬಂದಿಗೆ ಅನುಮಾನ ಬಂದು ಕಂಪ್ಯೂಟರ್ ಸಹಾಯದವರನ್ನು ಕೇಳಿದರು. ಅಲ್ಲಿಂದ ಬಂದ ಉತ್ತರ: ‘ಇದು ಅಸಲಿ ಮೇಲ್, ಪಾಸ್‌ವರ್ಡ್ ತಕ್ಷಣ ಬದಲಿಸಿ.’ ನಕಲಿ ಎಂದು ಬರೆಯಲು ಹೋಗಿ ಕೈತಪ್ಪಿ ಅಸಲಿ ಎಂದಾಯಿತು ಎಂದು ಆ ಸಹಾಯಕರು ಆಮೇಲೆ ಹೇಳಿದರು. ಅದು ನಿಜವೋ ಅಲ್ಲವೋ, ನನಗೆ ಮುಖ್ಯವೆನಿಸುವುದು ಅದೇ ಉತ್ತರದ ಮುಂದಿನ ಸಾಲು. ಪಾಸ್‌ವರ್ಡ್ ಬದಲಿಸಲು ಅವರು ಕೊಟ್ಟಿದ್ದ ವಿಳಾಸ myaccount.google.com/security. ಗೂಗಲ್‌ನ ಅಸಲಿ ಪುಟ! ಆದರೆ ಒತ್ತಲ್ಪಟ್ಟಿದ್ದು ಮೂಲ ಮೇಲ್‌ನಲ್ಲಿದ್ದ ಬಟನ್. ಐವತ್ತು ಸಾವಿರಕ್ಕೂ ಹೆಚ್ಚು ಮೇಲ್‌ಗಳು ಕಳುವಾದವು ಎಂದು 2018ರ ಅಮೆರಿಕದ ದೋಷಾರೋಪ ಪಟ್ಟಿ ಹೇಳುತ್ತದೆ.

ಅಂದರೆ ಮೇಲ್ ಯಾವುದೆಂದು ಗುರುತಿಸುವುದರಲ್ಲಿ ತಜ್ಞರೇ ಎಡವಿದ್ದರೂ, ಅವರು ಕೊಟ್ಟ ವಿಳಾಸಕ್ಕೆ ಹೋಗಿದ್ದರೆ ಏನೂ ಆಗುತ್ತಿರಲಿಲ್ಲ.

ಆ ಬಟನ್ ಎಲ್ಲಿಗೆ ಒಯ್ಯುತ್ತಿತ್ತು ಎಂಬುದನ್ನೂ ಸ್ವಲ್ಪ ನಿಂತು ನೋಡಬೇಕು. ಮೊದಲಿಗೆ ಅದು ಒಂದು ಚುಟುಕು ಕೊಂಡಿ, bit.ly ಎಂದು ಶುರುವಾಗುವಂಥದ್ದು. ಬಾಣದ ಗುರುತನ್ನು ಅದರ ಮೇಲಿಟ್ಟು ನೋಡಿದರೂ ಮುಂದಿನ ವಿಳಾಸ ಕಾಣುತ್ತಿರಲಿಲ್ಲ. ಒತ್ತಿದಾಗ ತೆರೆಯುತ್ತಿದ್ದ ವಿಳಾಸ ಹೀಗಿತ್ತು:

```
myaccount.google.com-securitysettingpage.tk
```

ಎಡದಿಂದ ಓದುವ ಕಣ್ಣಿಗೆ google.com ಸಿಕ್ಕಿದೊಡನೆ ಸಮಾಧಾನವಾಗಿಬಿಡುತ್ತದೆ. ಆದರೆ ಇದನ್ನು ಓದಬೇಕಾದದ್ದು ಬಲದಿಂದ. ಶುರುವಿನ https:// ಬಿಟ್ಟು, ಓರೆಗೀಟು ಇದ್ದರೆ ಮೊದಲ ಓರೆಗೀಟಿನವರೆಗಿನ ಭಾಗವನ್ನು ತೆಗೆದುಕೊಂಡು ಅದರ ಕೊನೆಯಿಂದ ಹಿಂದಕ್ಕೆ ಬನ್ನಿ. ಕೊನೆಯಲ್ಲಿ tk, ಅದರ ಹಿಂದಿನ ಚುಕ್ಕಿಯಾಚೆ com-securitysettingpage. com ಆದ ಮೇಲೆ ಬಂದಿರುವುದು ಚುಕ್ಕಿಯಲ್ಲ, ಅಡ್ಡಗೆರೆ. ಹಾಗಾಗಿ ಆ com ಮುಂದಿನ ಪದಕ್ಕೇ ಅಂಟಿಕೊಂಡಿದೆ, ಜಾಲತಾಣದ ಒಡೆಯ com-securitysettingpage.tk ಎಂಬ ಹೆಸರು ಕೊಂಡವನು. ಅದರ ಮುಂದಿರುವ google ಎಂಬುದು ಆತ ತನ್ನಿಷ್ಟದಂತೆ ಅಂಟಿಸಿಕೊಂಡ ಚೀಟಿ. ಇಂಥ ತಾಣಕ್ಕೂ ಬೀಗದ ಗುರುತು ಸಿಗುತ್ತದೆ. ನಡುವೆ ಯಾರೂ ಕದ್ದು ಓದುತ್ತಿಲ್ಲ ಎಂದಷ್ಟೇ ಬೀಗ ಹೇಳುತ್ತದೆ, ಆ ತುದಿಯಲ್ಲಿ ಕೂತವನು ಯಾರೆಂದು ಹೇಳುವುದಿಲ್ಲ.

ಕಳಿಸಿದವರ ವಿಳಾಸವಾದರೂ ನೆಚ್ಚಬಹುದಲ್ಲ ಎನ್ನುವವರಿಗೆ 2025ರ ಏಪ್ರಿಲ್‌ನಲ್ಲಿ ಬೆಳಕಿಗೆ ಬಂದ ಪ್ರಕರಣವಿದೆ. ವಂಚಕರು ಗೂಗಲ್‌ನಲ್ಲಿ ಒಂದು ಆ್ಯಪ್ ನೋಂದಾಯಿಸಿ, ತಮಗೆ ಬೇಕಾದ ಬೆದರಿಕೆಯ ಒಕ್ಕಣೆಯನ್ನೇ ಅದರ ಹೆಸರಿನ ಜಾಗದಲ್ಲಿ ತುಂಬಿದರು. ಆ ಆ್ಯಪ್‌ಗೆ ತಮ್ಮದೇ ಖಾತೆಯ ಪ್ರವೇಶ ಕೊಟ್ಟಾಗ ಗೂಗಲ್ ವಾಡಿಕೆಯಂತೆ ಭದ್ರತಾ ಎಚ್ಚರಿಕೆ ಕಳಿಸಿತು, ಒಳಗೆ ಆ ‘ಹೆಸರೂ’ ಇತ್ತು. ವಂಚಕರು ಅದನ್ನು ಹಾಗೇ ಬೇರೆಯವರಿಗೆ ರವಾನಿಸಿದರು. ವಿಳಾಸ no-reply@accounts.google.com, ಡಿಜಿಟಲ್ ಸಹಿಯೂ ಗೂಗಲ್‌ನದೇ. ಆ ದಾರಿಗೆ ಗೂಗಲ್ ಆಮೇಲೆ ತಡೆ ಹಾಕಿತು. ಆದರೂ ಲಕೋಟೆ ಅಸಲಿಯಾಗಿದ್ದು ಒಳಗಿನ ಪತ್ರ ನಕಲಿಯಾಗಿರಬಹುದು ಎಂಬುದಂತೂ ಗೊತ್ತಾಯಿತು.

ಇದಕ್ಕೆ ತದ್ವಿರುದ್ಧವಾದದ್ದು ನಮ್ಮ ಮನೆಯಲ್ಲೇ ನಡೆಯಿತು. ಒಂದು ರಾತ್ರಿ ಅತ್ತಿಗೆ ಫೋನ್ ಮಾಡಿ, ‘ನೋಡೋ, ನಾನು ಕಾಲಿಟ್ಟೇ ಇಲ್ಲದ ಊರಿನಿಂದ ಯಾರೋ ಲಾಗಿನ್ ಆಗಿದ್ದಾರೆ, ಇದು ಮೋಸದ ಮೇಲೇ ಇರಬೇಕು, ಅಳಿಸಿಬಿಡಲಾ?’ ಎಂದರು. ಮೇಲ್ ಅನ್ನು ಮುಟ್ಟಬೇಡಿ, ಬ್ರೌಸರ್‌ನಲ್ಲಿ myaccount.google.com ಎಂದು ನೀವೇ ಟೈಪ್ ಮಾಡಿ, Security ಎಂಬಲ್ಲಿ ಹೋಗಿ ಎಂದೆ. ಅಲ್ಲಿ Recent security activity ಎಂಬ ಪಟ್ಟಿಯಿರುತ್ತದೆ, ಜೊತೆಗೆ ಲಾಗಿನ್ ಆಗಿರುವ ಸಾಧನಗಳ ಪಟ್ಟಿಯೂ ಇರುತ್ತದೆ. ಮೇಲ್‌ನಲ್ಲಿದ್ದ ಲಾಗಿನ್ ಅದೇ ಸಮಯಕ್ಕೆ ಅಲ್ಲಿಯೂ ದಾಖಲಾಗಿತ್ತು. ಮೇಲ್ ಅಸಲಿ. ಹಾಗಾದರೆ ಒಳಬಂದವರು ಯಾರು? ಅತ್ತಿಗೆಯೇ. ಸಂಜೆ ಹೊಸ ಲ್ಯಾಪ್‌ಟಾಪ್‌ನಲ್ಲಿ ಮೊಬೈಲ್ ಇಂಟರ್‌ನೆಟ್ ಹಿಡಿದು ಲಾಗಿನ್ ಆಗಿದ್ದು ಅವರಿಗೆ ಮರೆತೇಹೋಗಿತ್ತು. ಊರಿನ ಹೆಸರು ಐಪಿ ವಿಳಾಸದಿಂದ ಅಂದಾಜಿಸಿದ್ದು, ಮೊಬೈಲ್ ಜಾಲದಲ್ಲಿ ಅದು ದೂರದ ಇನ್ನೊಂದು ಊರನ್ನು ತೋರಿಸುವುದು ಮಾಮೂಲು. ಇಂಥಲ್ಲಿ ಊರಿಗಿಂತ ಸಾಧನದ ಹೆಸರು ಮತ್ತು ಸಮಯಕ್ಕೆ ಹೆಚ್ಚು ಬೆಲೆ ಕೊಡಬೇಕು.

ಹೆಚ್ಚಿನ ದೊಡ್ಡ ಸೇವೆಗಳು ಇಂಥದ್ದೊಂದು ದಿನಚರಿಯನ್ನು ಖಾತೆಯೊಳಗೇ ಇಟ್ಟಿರುತ್ತವೆ. ಮೈಕ್ರೋಸಾಫ್ಟ್‌ನಲ್ಲಿ ಅದು Recent activity. ಇನ್‌ಸ್ಟಾಗ್ರಾಂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಈಚೆಗೆ ತಾನು ನಿಮಗೆ ಕಳಿಸಿದ ಮೇಲ್‌ಗಳನ್ನೇ ಆ್ಯಪ್‌ನ ಭದ್ರತಾ ಸೆಟ್ಟಿಂಗ್‌ನಲ್ಲಿ ಪಟ್ಟಿ ಮಾಡುತ್ತದೆ. ಕೈಯಲ್ಲಿರುವ ಮೇಲ್ ಅಲ್ಲಿಲ್ಲದಿದ್ದರೆ ಅದನ್ನು ನಂಬಬೇಕಿಲ್ಲ. ಪಟ್ಟಿಯಲ್ಲಿ ನಿಮ್ಮದಲ್ಲದ ಲಾಗಿನ್ ಕಂಡರೆ ಅಲ್ಲಿಂದಲೇ ಆ ಸಾಧನವನ್ನು ಹೊರಹಾಕಿ ಪಾಸ್‌ವರ್ಡ್ ಬದಲಿಸಬಹುದು. ಹಾಗೆಯೇ ಖಾತೆ ಮರಳಿ ಪಡೆಯಲು ಕೊಟ್ಟ ಫೋನ್ ನಂಬರ್ ನಿಮ್ಮದೇ ಇದೆಯೇ, ಮೇಲ್‌ಗಳು ಬೇರೆ ವಿಳಾಸಕ್ಕೆ ತಾನಾಗಿ ಹೋಗುವಂತೆ ಯಾರಾದರೂ ಇಟ್ಟಿದ್ದಾರೆಯೇ ನೋಡಿ. ಪಾಸ್‌ವರ್ಡ್ ಬದಲಿಸಿ ನಿಶ್ಚಿಂತರಾದ ಎಷ್ಟೋ ಜನ ಎಡವುವುದು ಈ ಕೊನೆಯದರಲ್ಲಿ.

ಈ ಪರೀಕ್ಷೆಗೂ ಒಂದು ಮಿತಿಯಿದೆ. ವಂಚಕ ನಿಮ್ಮ ಖಾತೆಗೆ ನುಗ್ಗಲು ನಿಜವಾಗಿಯೂ ಯತ್ನಿಸಿದಾಗ ಬರುವ ಒಟಿಪಿ ಅಸಲಿಯೇ, ಕಳಿಸಿದ್ದೂ ಕಂಪನಿಯೇ. ಅದರ ಬೆನ್ನಿಗೇ ‘ಭದ್ರತಾ ವಿಭಾಗದಿಂದ ಮಾತಾಡುತ್ತಿದ್ದೇವೆ, ಈಗ ಬಂದ ಸಂಖ್ಯೆ ಹೇಳಿ’ ಎಂದು ಕರೆ ಬಂದರೆ, ಸಂದೇಶ ನಿಜವಾದದ್ದರಿಂದ ಕರೆಯೂ ನಿಜವೆನಿಸುತ್ತದೆ. ಎದುರಿಗಿರುವವನಿಗೆ ಬೇಕಿರುವುದು ಆ ಸಂಖ್ಯೆಯೊಂದೇ. ಹೇಳದೆ ಕರೆ ಕತ್ತರಿಸಿದರೆ ಅವನ ಯತ್ನ ಅಲ್ಲಿಗೇ ನಿಲ್ಲುತ್ತದೆ.

ಮುಂದಿನ ಸಲ ಇಂಥ ಸಲಹೆಗಳನ್ನು ಪ್ರಕಟಿಸುವಾಗ ಕಾಗುಣಿತದ ಸಾಲನ್ನು ದಯವಿಟ್ಟು ಕೈಬಿಡಿ. ಈಗಿನ ನಕಲಿ ಮೇಲ್‌ಗಳ ಭಾಷೆ ನಮ್ಮ ಕಚೇರಿಯ ಸುತ್ತೋಲೆಗಳಿಗಿಂತ ಚೆನ್ನಾಗಿರುತ್ತದೆ. ಆ ಜಾಗದಲ್ಲಿ ಜನ ಹೆಚ್ಚು ಬಳಸುವ ನಾಲ್ಕೈದು ಸೇವೆಗಳ ಭದ್ರತಾ ಪುಟದ ವಿಳಾಸವನ್ನು ದಪ್ಪ ಅಕ್ಷರದಲ್ಲಿ ಅಚ್ಚು ಮಾಡಿದರೆ, ಕತ್ತರಿಸಿ ಕಂಪ್ಯೂಟರ್ ಪಕ್ಕ ಅಂಟಿಸಿಕೊಳ್ಳುವವರು ನಮ್ಮ ಕಚೇರಿಯಲ್ಲೇ ಹತ್ತು ಮಂದಿ ಸಿಗುತ್ತಾರೆ.

ಇಂತಿ,
ತಮ್ಮ ಓದುಗ