ಎಂಬತ್ತಾರು ಸಾವಿರದ ಬದಲು ಇಪ್ಪತ್ಮೂರು ಸಾವಿರ ಬರಿ

ಪ್ರಿಯ ಗೆಳೆಯಾ,

ಸೇಲ್ಸ್ ಟ್ರೇನಿ ಹುದ್ದೆಗೆ ನೀನು ಬರೆದ ಕವರ್ ಲೆಟರ್ ಓದಿದೆ. ಮೊದಲ ಸಾಲಿನಲ್ಲೇ "ಕಾಲೇಜಿನ ಸಂಘಕ್ಕಾಗಿ ರೂ. 86,500 ಸಂಗ್ರಹಿಸಿದ ಅನುಭವಿ" ಅಂತ ಹಾಕಿದ್ದೀಯ. ಮೊತ್ತ ಸುಳ್ಳಲ್ಲ, ಆದರೆ ಅದು ನಿನ್ನದಲ್ಲ ಮಾರಾಯಾ. ಸಂಘದ ಸಮಿತಿಯಲ್ಲಿ ಆರು ಜನ ಇದ್ರಿ. ಸಂದರ್ಶನದಲ್ಲಿ ಮೊದಲು ಬರುವ ಪ್ರಶ್ನೆಯೇ "ಇದರಲ್ಲಿ ನಿಮ್ಮ ಪಾಲು ಎಷ್ಟು?" ಅಂತ. ಅಲ್ಲಿ ತಡವರಿಸಿದರೆ ಉಳಿದ ಪತ್ರವನ್ನೂ ಅವರು ಅದೇ ಸಂಶಯದಲ್ಲೇ ಓದುತ್ತಾರೆ.

ಹಾಗಾಗಿ ಮೊದಲು ರಸೀದಿ ಬುಕ್ಕು ತೆಗೆದುಕೊಂಡು ಕೂರು. ನಿನ್ನ ಕೈಯಲ್ಲಿದ್ದ ಬುಕ್ಕಿನ ಕೌಂಟರ್‌ಫಾಯಿಲ್‌ನಲ್ಲಿ ತಾರೀಖು, ಅಂಗಡಿಯ ಹೆಸರು, ಮೊತ್ತ ಮೂರೂ ಇರುತ್ತವೆ. ನೀನು ಫೋನಿನಲ್ಲಿ ಹೇಳಿದ ಲೆಕ್ಕವನ್ನೇ ಹಿಡಿದರೆ ಯಕ್ಷಗಾನ ಕಾರ್ಯಕ್ರಮದ ಸ್ಮರಣ ಸಂಚಿಕೆಗೆ ಜಾಹೀರಾತು ಕೊಡುತ್ತೇವೆ ಅಂತ ಒಪ್ಪಿದವರು 23 ಅಂಗಡಿಯವರು, ಮೊತ್ತ 41,000. ಕೈಗೆ ಬಂದದ್ದು 21 ಅಂಗಡಿಗಳಿಂದ 38,000. ಇನ್ನಿಬ್ಬರು "ನಾಳೆ ಬಾ" ಅನ್ನುತ್ತಲೇ ಉಳಿದರು. ಪತ್ರದಲ್ಲಿ 41,000 ಹಾಕುವ ಆಸೆ ಬರುತ್ತದೆ, ಹಾಕಬೇಡ. ಅಂಗಡಿಗೆ ಮಾಲು ಕೊಟ್ಟು ಉದ್ರಿ ವಸೂಲಿಗೆ ತಿರುಗುವ ಕೆಲಸಕ್ಕೇ ನೀನು ಅರ್ಜಿ ಹಾಕುತ್ತಿದ್ದೀಯ. ಒಪ್ಪಿಕೊಂಡದ್ದಕ್ಕೂ ವಸೂಲಾದದ್ದಕ್ಕೂ ಇರುವ ವ್ಯತ್ಯಾಸ ಅಲ್ಲಿಯವರಿಗೆ ದಿನವೂ ಗೊತ್ತಾಗುವಂಥದ್ದು. ಬಾಕಿ ಉಳಿದ ಮೂರು ಸಾವಿರದ ಮಾತು ಪತ್ರದಲ್ಲಿ ಬೇಡ, ಕೇಳಿದರೆ ಹೇಳು.

ಇಲ್ಲಿಗೇ ಬಿಡುವ ಹಾಗಿಲ್ಲ. ಆ 38,000ದ ಒಳಗೆ ಇನ್ನೊಂದು ಲೆಕ್ಕ ಇದೆ, ನನ್ನ ಪ್ರಕಾರ ನಿನ್ನ ಪತ್ರದ ಜೀವವೇ ಅದು. ಆ 21 ಅಂಗಡಿಗಳಲ್ಲಿ ಏಳು ನಿಮ್ಮ ಮನೆಗೆ ಪರಿಚಯದವು. ಐದೈದು ಸಾವಿರದ ಮೂರು ದೊಡ್ಡ ಜಾಹೀರಾತುಗಳಲ್ಲಿ ಎರಡು ನಿನ್ನ ಮಾವನ ಅಡಿಕೆ ವಖಾರಿ ಮತ್ತು ಅವರ ಸ್ನೇಹಿತರ ಅಂಗಡಿಯಿಂದ ಬಂದವು. ಉಳಿದ ಐದು ಅಂಗಡಿಯವು ಸಾವಿರ ಸಾವಿರದವು. ಅಲ್ಲಿಗೆ ಪರಿಚಯದಿಂದ ಬಂದದ್ದು 15,000. ಮುಖ ಪರಿಚಯವೂ ಇಲ್ಲದ 14 ಅಂಗಡಿಗಳಿಂದ ನೀನು ತಂದದ್ದು 23,000.

ಪತ್ರದಲ್ಲಿ ಈ 23,000ವನ್ನೇ ಮುಂದೆ ಇಡು. ಕಾಲೇಜಿನ ಹುಡುಗರ ದೇಣಿಗೆ ಸಂಗ್ರಹದ ಬಗ್ಗೆ ಸೇಲ್ಸ್ ಮ್ಯಾನೇಜರಿಗೆ ಒಂದು ಗಟ್ಟಿ ಅನುಮಾನ ಇರುತ್ತದೆ: "ಹುಡುಗರು ಕೇಳಿದರು, ಅಪ್ಪನ ಮುಖ ನೋಡಿ ಕೊಟ್ಟರು, ಇದರಲ್ಲಿ ಮಾರಾಟ ಏನು ಬಂತು?" ಅನುಮಾನ ನ್ಯಾಯವಾದದ್ದೇ. ಪರಿಚಯದ ಹಣವನ್ನು ನೀನೇ ಪಕ್ಕಕ್ಕಿಟ್ಟು ಅಪರಿಚಿತರ ಲೆಕ್ಕ ಮಾತ್ರ ಕೊಟ್ಟರೆ ಆ ಪ್ರಶ್ನೆ ಹುಟ್ಟುವ ಮೊದಲೇ ಉತ್ತರ ಸಿಕ್ಕಿರುತ್ತದೆ. ಜೊತೆಗೆ ಅದು ದೇಣಿಗೆಯಲ್ಲ, ಜಾಹೀರಾತು ಅನ್ನುವುದನ್ನೂ ಬಿಡಿಸಿ ಬರಿ. ಅಂಗಡಿಯವರಿಗೆ ಬದಲಿಗೆ ಏನು ಸಿಕ್ಕಿತು? 800 ಪ್ರತಿಯ ಸಂಚಿಕೆಯಲ್ಲಿ ಅವರ ಹೆಸರು. ಕೊಟ್ಟು ಕೊಂಡದ್ದು ಕಾಣಿಸಿದಾಗಲೇ ಅದು ಮಾರಾಟ ಅನ್ನಿಸುತ್ತದೆ.

ಇನ್ನು ಎಷ್ಟು ಅಂಗಡಿಗೆ ಹೋದೆ ಅನ್ನುವ ಸಂಖ್ಯೆ. ಇದು ರಸೀದಿ ಬುಕ್ಕಿನಲ್ಲಿ ಸಿಗುವುದಿಲ್ಲ, ಕೊಡದವರಿಗೆ ರಸೀದಿ ಹರಿಯುವುದಿಲ್ಲವಲ್ಲ. ನೀವು ಬೀದಿ ಬೀದಿ ಹಂಚಿಕೊಳ್ಳಲು ಮಾಡಿದ ಪಟ್ಟಿ ಇದೆ ಅಂದಿದ್ದೆ. ಅದರಲ್ಲಿ ನಿನ್ನ ಪಾಲಿಗೆ 64 ಅಂಗಡಿ. ಪರಿಚಯದ ಏಳನ್ನು ಕಳೆದರೆ 57. ಐವತ್ತೇಳರಲ್ಲಿ 14, ಅಂದರೆ ನಾಲ್ಕಕ್ಕೆ ಒಂದು. ನಿನಗೆ ಇದು ಕಡಿಮೆ ಅನ್ನಿಸಿ ಮುಚ್ಚಿಟ್ಟಿದ್ದೀಯ. ಆದರೆ 43 ಅಂಗಡಿಯಿಂದ ಬರಿಗೈಯಲ್ಲಿ ಬಂದೂ ಮುಂದಿನ ಅಂಗಡಿಯ ಮೆಟ್ಟಿಲು ಹತ್ತಿದ್ದು ಈ ಕೆಲಸಕ್ಕೆ ಬೇಕಾದ ಗುಣ, ಸಂಖ್ಯೆ ಇಲ್ಲದೆ ಅದು ಕಾಣುವುದಿಲ್ಲ. ಪಟ್ಟಿ ಸಿಗದೇ ಹೋದರೆ "ಸುಮಾರು 55" ಅಂತ ಬರಿ. ನೆನಪಿನಿಂದ 57 ಅಂತ ಖಚಿತವಾಗಿ ಬರೆಯುವುದು ಬೇಡ.

ಮೊದಲ 20 ಅಂಗಡಿಗಳಲ್ಲಿ ಕೊಟ್ಟವರು ಇಬ್ಬರೇ, ಆಮೇಲಿನ 37ರಲ್ಲಿ ಹನ್ನೆರಡು. ನಡುವೆ ನೀನು ಏನು ಬದಲಾಯಿಸಿದೆ ಅನ್ನುವುದಕ್ಕೆ ಪತ್ರದಲ್ಲಿ ಎರಡು ಸಾಲಿನ ಜಾಗ ಕೊಡು. ಬೆಳಿಗ್ಗೆ ಗಿರಾಕಿ ನಿಂತಿರುವಾಗ ಹೋಗುವುದನ್ನು ಬಿಟ್ಟು ಮಧ್ಯಾಹ್ನ ಮೂರರ ಮೇಲೆ ಹೋದೆ, ಬರಿಗೈಯಲ್ಲಿ ಹೋಗುವ ಬದಲು ಅವರ ಅಂಗಡಿಯ ಹೆಸರನ್ನೇ ಹಾಕಿದ ಮಾದರಿ ಪುಟ ತೋರಿಸಿದೆ. ಒಂದು ಎಚ್ಚರ: ಎರಡನ್ನೂ ಒಟ್ಟಿಗೇ ಬದಲಾಯಿಸಿದ್ದರಿಂದ ಯಾವುದು ಕೆಲಸ ಮಾಡಿತು ಅಂತ ಹೇಳಲು ಬರುವುದಿಲ್ಲ. "ಸಮಯದಿಂದಲೋ ಪುಟದಿಂದಲೋ?" ಅಂತ ಯಾರಾದರೂ ಕೆದಕಿದರೆ, ಎರಡೂ ಒಟ್ಟಿಗಿತ್ತು, ಬಿಡಿಸಿ ಗೊತ್ತಿಲ್ಲ ಅನ್ನು. ಕಥೆ ಕಟ್ಟಬೇಡ.

ನಿನ್ನ ಕರಡಿನಲ್ಲಿ ತೆಗೆಯಬೇಕಾದದ್ದೂ ಬಹಳ ಇದೆ. ಡೈನಾಮಿಕ್, ಹಾರ್ಡ್‌ವರ್ಕಿಂಗ್, ಟೀಮ್ ಪ್ಲೇಯರ್ ಮೂರೂ ಹೋಗಲಿ. ಎಸ್ಸೆಸ್ಸೆಲ್ಸಿ ಅಂಕ, ತಂದೆಯ ಹೆಸರು, ಭಾಷಣ ಸ್ಪರ್ಧೆಯ ಬಹುಮಾನ ಇಲ್ಲಿ ಬೇಡ. ಬೇಕಾದದ್ದು ರೆಸ್ಯೂಮೆಯಲ್ಲಿ ಇರಲಿ. "ಎಲ್ಲಿಗೆ ಬೇಕಾದರೂ ಹೋಗಲು ಸಿದ್ಧ" ಅನ್ನುವುದನ್ನು ಎಲ್ಲರೂ ಬರೆಯುತ್ತಾರೆ. ಅದರ ಬದಲು ಊರಿನ ಹೆಸರು ಹಾಕು: ಕುಮಟಾದಿಂದ ಅಂಕೋಲಾ, ಕಾರವಾರದ ಕಡೆಗೆ, ಇಲ್ಲವೇ ದೇವಿಮನೆ ಘಟ್ಟ ಹತ್ತಿ ಶಿರಸಿ, ಸಿದ್ದಾಪುರ. ಕರಾವಳಿಯ ಪೇಟೆಯಲ್ಲಿ ಕೊಂಕಣಿ ಆಡಬಲ್ಲ ಹುಡುಗ ಅನ್ನುವುದು ಕಂಪನಿಗೆ ನಿನ್ನ ಡಿಗ್ರಿಯ ಶೇಕಡಾವಾರಿಗಿಂತ ಹೆಚ್ಚು ಬೆಲೆಯದು, ಅದನ್ನೇ ನೀನು ಬಿಟ್ಟುಬಿಟ್ಟಿದ್ದೀಯ.

ಬೈಕಿನ ವಿಷಯ ಸರಿಯಾಗಿ ಬರಿ. ನಿನ್ನ ಹತ್ತಿರ ಇರುವುದು ಎಲ್‌ಎಲ್ಆರ್, ಲೈಸೆನ್ಸ್ ಅಲ್ಲ. ಎಲ್‌ಎಲ್ಆರ್ ಸಿಕ್ಕಿ 30 ದಿನ ಕಳೆದ ಮೇಲೆ ಡ್ರೈವಿಂಗ್ ಟೆಸ್ಟ್ ಕೊಡಬಹುದು, ಅದರ ಅವಧಿ ಆರು ತಿಂಗಳು. ಟೆಸ್ಟಿನ ತಾರೀಖು ಗೊತ್ತಾಗಿದ್ದರೆ ಅದನ್ನೇ ಹಾಕು. "ಲೈಸೆನ್ಸ್ ಇದೆ" ಅಂತ ಬರೆದು ಸೇರುವ ದಿನ ದಾಖಲೆ ಕೇಳಿದಾಗ ಸಿಕ್ಕಿಬಿದ್ದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ.

ಕಂಪನಿಗೆ ಹೋಗುವ ಪತ್ರ ಇಂಗ್ಲಿಷಿನಲ್ಲೇ ಇರಬೇಕಾದೀತು. ಆದರೂ ಮೊದಲು ಕನ್ನಡದಲ್ಲಿ ಬರೆದುಕೋ, ಪೊಳ್ಳು ಮಾತು ತಾನಾಗಿ ಉದುರುತ್ತದೆ. ನೀನು ಕೊಟ್ಟ ಲೆಕ್ಕದ ಮೇಲೆ ಅದು ಸುಮಾರು ಹೀಗಿರಬಹುದು:

"ಮಾನ್ಯರೇ,

ಕುಮಟಾ–ಶಿರಸಿ ಭಾಗದ ಸೇಲ್ಸ್ ಟ್ರೇನಿ ಹುದ್ದೆಗೆ ಅರ್ಜಿ ಸಲ್ಲಿಸುತ್ತಿದ್ದೇನೆ. ಈ ವರ್ಷ ಬಿ.ಕಾಂ. ಮುಗಿಸಿದ್ದೇನೆ, ಕಂಪನಿಯಲ್ಲಿ ಕೆಲಸ ಮಾಡಿದ ಅನುಭವ ಇಲ್ಲ.

ನಮ್ಮ ಕಾಲೇಜಿನ ಸಾಂಸ್ಕೃತಿಕ ಸಂಘದ ಸ್ಮರಣ ಸಂಚಿಕೆಗೆ ಜಾಹೀರಾತು ಕೇಳಲು ಶಿರಸಿ ಪೇಟೆಯಲ್ಲಿ ನನಗೆ ಪರಿಚಯವಿಲ್ಲದ 57 ಅಂಗಡಿಗಳಿಗೆ ಹೋಗಿದ್ದೆ. 14 ಅಂಗಡಿಗಳಿಂದ 23,000 ರೂಪಾಯಿ ವಸೂಲಾಯಿತು. ಮೊದಲ 20 ಅಂಗಡಿಗಳಲ್ಲಿ ಇಬ್ಬರು ಮಾತ್ರ ಕೊಟ್ಟರು. ಬೆಳಗಿನ ವ್ಯಾಪಾರದ ಹೊತ್ತಿನಲ್ಲಿ, ತೋರಿಸಲು ಏನೂ ಇಲ್ಲದೆ ಹೋಗುತ್ತಿದ್ದೆ. ಆಮೇಲೆ ಮಧ್ಯಾಹ್ನ ಮೂರರ ನಂತರ ಹೋಗಿ, ಅವರ ಅಂಗಡಿಯ ಹೆಸರಿರುವ ಮಾದರಿ ಪುಟ ತೋರಿಸಿ, 800 ಪ್ರತಿ ಯಾರ ಕೈ ಸೇರುತ್ತವೆ ಎಂದು ವಿವರಿಸಿದೆ. ಉಳಿದ 37ರಲ್ಲಿ 12 ಅಂಗಡಿಯವರು ಜಾಹೀರಾತು ಕೊಟ್ಟರು. ಪರಿಚಯದವರದ್ದೂ ಸೇರಿ ನಾನು ತಂದದ್ದು 38,000. ಆರು ಜನರ ನಮ್ಮ ಸಮಿತಿ 75,000ದ ಗುರಿಗೆ ಒಟ್ಟು 86,500 ಸಂಗ್ರಹಿಸಿತು.

ಕನ್ನಡ ಮತ್ತು ಕೊಂಕಣಿ ಮಾತನಾಡುತ್ತೇನೆ. ಕರಾವಳಿಯ ಊರುಗಳಲ್ಲೂ ಘಟ್ಟದ ಮೇಲೂ ಓಡಾಡಬಲ್ಲೆ. ದ್ವಿಚಕ್ರ ವಾಹನದ ಎಲ್‌ಎಲ್ಆರ್ ಇದೆ, ಡ್ರೈವಿಂಗ್ ಟೆಸ್ಟ್ ಮುಂದಿನ ತಿಂಗಳು. ರಸೀದಿಗಳ ಪ್ರತಿ ನನ್ನಲ್ಲಿದೆ, ಸಂದರ್ಶನಕ್ಕೆ ತರುತ್ತೇನೆ."

ಕೆಳಗೆ ಹೆಸರು, ಮೊಬೈಲ್ ನಂಬರ್. ಅಷ್ಟೇ ಸಾಕು, ಒಂದು ಪುಟ ಕೂಡ ತುಂಬುವುದಿಲ್ಲ, ತುಂಬಬೇಕಾಗಿಯೂ ಇಲ್ಲ. 86,500 ಕೊನೆಗೆ ಬಂದದ್ದು ನೋಡು. ಅಲ್ಲಿ ಅದು ಸಮಿತಿಯ ಮೊತ್ತವಾಗಿಯೇ ನಿಂತಿದೆ, ನಿನ್ನ ಮೇಲೆ ಯಾರೂ ಬೆರಳು ತೋರಿಸುವ ಹಾಗಿಲ್ಲ.

ಇಂಗ್ಲಿಷಿಗೆ ತರುವಾಗ ಒಂದು ಕಡೆ ಜಾರಬೇಡ. "ರೇಸ್ಡ್" ಅನ್ನುವ ಪದಕ್ಕೆ ಒಪ್ಪಿಸಿದ್ದು, ವಸೂಲಿ ಮಾಡಿದ್ದು ಎರಡೂ ಅರ್ಥ ಹಚ್ಚಬಹುದು. "ಕಲೆಕ್ಟೆಡ್" ಅಂತಲೇ ಬರಿ. ಖರ್ಚು ಕಳೆದು ಸಂಘಕ್ಕೆ ಎಷ್ಟು ಉಳಿಯಿತು ಅಂತಲೂ ಕೇಳಬಹುದು. ಮುದ್ರಣಕ್ಕೆ, ಪೆಂಡಾಲಿಗೆ, ಮೇಳಕ್ಕೆ ಎಷ್ಟು ಹೋಯಿತು ಅನ್ನುವುದನ್ನು ಖಜಾಂಚಿಯ ಹತ್ತಿರ ಬರೆಸಿಕೊಂಡು ಇಟ್ಟುಕೋ. ಪತ್ರದಲ್ಲಿ ಬೇಡ, ತಲೆಯಲ್ಲಿ ಇರಲಿ.

ಇ-ಮೇಲಿಗೆ ವಿಷಯ ಹಾಕುವಾಗ ಹುದ್ದೆ, ಊರು, ನಿನ್ನ ಹೆಸರು ಮೂರೇ ಸಾಕು. ಜಾಹೀರಾತಿನಲ್ಲಿ ಹುದ್ದೆಗೆ ಕೋಡ್ ಕೊಟ್ಟಿದ್ದರೆ ಅದೂ ಇರಲಿ. ಪಿಡಿಎಫ್ ಮಾಡಿ ಕಳಿಸು. ಈಗ ನೀನು ಕಳಿಸಿದ ಫೈಲಿನ ಹೆಸರು new final 2.docx ಅಂತ ಇದೆ, ನೂರು ಅರ್ಜಿ ಇಳಿಸಿಕೊಂಡವರಿಗೆ ಅದು ಯಾರದ್ದು ಅಂತ ಹೇಗೆ ಗೊತ್ತಾಗಬೇಕು?

ಕೊನೇ ದಿನಾಂಕ ಶುಕ್ರವಾರ ಅಂದೆಯಲ್ಲ. ಬುಧವಾರ ಸಂಜೆಯೊಳಗೆ ಕೌಂಟರ್‌ಫಾಯಿಲ್ ಎಣಿಸಿ ಹೇಳು, ಹದಿನಾಲ್ಕೋ ಹದಿಮೂರೋ ಅಂತ. ಒಂದು ಕಡಿಮೆ ಬಂದರೂ ಪತ್ರದ ಹಲವು ಕಡೆ ಅಂಕಿ ಬದಲಾಯಿಸಬೇಕಾಗುತ್ತದೆ.

ನಿನ್ನ,
ಕುಮಟಾದ ಗೆಳೆಯ